ಬೈವೀಕ್ಲಿ, ಸೆಮಿಮಂತ್ಲಿ, ಬೈಮಂತ್ಲಿ: ಸಂಬಳಕ್ಕೆ ಯಾವುದು ಸರಿ, ವರದಿಗೆ ಯಾವುದು ಸರಿ, ಹೇಗೆ ಬರೆಯಬೇಕು?

ಅಮೆರಿಕದ ಕಂಪನಿಯೊಂದರ ಆಫರ್ ಲೆಟರ್ ಕೈಯಲ್ಲಿದೆ ಅಂದುಕೊಳ್ಳಿ. ವರ್ಷಕ್ಕೆ 78,000 ಡಾಲರ್ ಸಂಬಳ. ಕೆಳಗೆ ಒಂದು ಸಾಲು: ಸಂಬಳವನ್ನು ಬೈಮಂತ್ಲಿ ಪಾವತಿಸಲಾಗುವುದು. ಹಾಗಾದರೆ ಒಂದು ಕಂತಿಗೆ ಎಷ್ಟು?

ತಿಂಗಳಿಗೆ ಎರಡು ಸಲ ಅಂತ ಓದಿಕೊಂಡರೆ 3,250 ಡಾಲರ್. ಎರಡು ತಿಂಗಳಿಗೊಮ್ಮೆ ಅಂತ ಓದಿಕೊಂಡರೆ 13,000. ಬರೆದವರ ಮನಸ್ಸಿನಲ್ಲಿ ಇದ್ದದ್ದು ಎರಡು ವಾರಕ್ಕೊಮ್ಮೆ ಅಂತಾದರೆ 3,000. ಒಂದೇ ಪದ, ಮೂರು ಲೆಕ್ಕ. ಮೂರೂ ತೆರಿಗೆ ಕಳೆಯುವ ಮುಂಚಿನ ಮೊತ್ತಗಳು.

ಓದುವವರು ದಡ್ಡರಾಗಿ ಹೀಗಾಗುವುದಿಲ್ಲ. ಮೆರಿಯಂ-ವೆಬ್‌ಸ್ಟರ್ ನಿಘಂಟು ತೆಗೆದರೆ ಬೈವೀಕ್ಲಿ ಅನ್ನುವುದಕ್ಕೆ ಎರಡು ವಾರಕ್ಕೊಮ್ಮೆ ಅಂತಲೂ ಇದೆ, ವಾರಕ್ಕೆರಡು ಸಲ ಅಂತಲೂ ಇದೆ. ಬೈಮಂತ್ಲಿಯದ್ದೂ ಅದೇ ಕಥೆ. ಎರಡು ಅರ್ಥವೂ ಬಳಕೆಯಲ್ಲಿರುವಾಗ ಯಾರು ಸರಿ ಅಂತ ಜಗಳವಾಡಿ ಪ್ರಯೋಜನವಿಲ್ಲ. ಆದರೆ ಸಂಬಳದ ವಿಷಯದಲ್ಲಿ ಪೇರೋಲ್‌ನವರು ಎರಡು ಪದಗಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಬೈವೀಕ್ಲಿ ಅಂದರೆ ಎರಡು ವಾರಕ್ಕೊಮ್ಮೆ, ವರ್ಷಕ್ಕೆ ಸಾಮಾನ್ಯವಾಗಿ 26 ಸಲ. ಸೆಮಿಮಂತ್ಲಿ ಅಂದರೆ ತಿಂಗಳಿಗೆರಡು ಸಲ, ವರ್ಷಕ್ಕೆ 24 ಸಲ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಸಂಬಳದಲ್ಲಿ ತೆರಿಗೆ ಹಿಡಿಯಲು ಹೊರಡಿಸುವ ಕೋಷ್ಟಕಗಳಲ್ಲೂ ಇವೆರಡಕ್ಕೆ ಬೇರೆ ಬೇರೆ ಲೆಕ್ಕ ಇದೆ. ಬೈಮಂತ್ಲಿ ಅಂತ ಕೋಷ್ಟಕವೇ ಇಲ್ಲ. ಹಾಗಾಗಿ ಆಫರ್ ಲೆಟರ್‌ನಲ್ಲಿ ಆ ಪದ ಕಂಡರೆ ಸಹಿ ಹಾಕುವ ಮುಂಚೆ ಕೇಳಲೇಬೇಕು.

ತಿಂಗಳ ಸಂಬಳದವರಿಗೆ: 26ರ ಲೆಕ್ಕ, 24ರ ಲೆಕ್ಕ

ಅದೇ 78,000 ಡಾಲರ್ ಇಟ್ಟುಕೊಂಡೇ ನೋಡೋಣ. ಸೆಮಿಮಂತ್ಲಿ ಆದರೆ 15ನೇ ತಾರೀಕು 3,250, ತಿಂಗಳ ಕೊನೆಗೆ ಇನ್ನೊಂದು 3,250. ಪ್ರತಿ ತಿಂಗಳೂ 6,500. ಬಾಡಿಗೆ, ಮನೆ ಸಾಲದ ಕಂತು, ಊರಿಗೆ ಕಳಿಸುವ ದುಡ್ಡು ಎಲ್ಲವೂ ತಿಂಗಳ ಲೆಕ್ಕದಲ್ಲಿ ಇರುವವರಿಗೆ ಇದು ಸಲೀಸು. ಬೈವೀಕ್ಲಿ ಆದರೆ ಶುಕ್ರವಾರ ಬಿಟ್ಟು ಶುಕ್ರವಾರ 3,000. ಹೆಚ್ಚಿನ ತಿಂಗಳಲ್ಲಿ ಕೈಗೆ ಬರುವುದು 6,000 ಅಷ್ಟೇ. ಉಳಿದ 6,000 ವರ್ಷದಲ್ಲಿ ಎರಡು ತಿಂಗಳು ಮೂರನೇ ಚೆಕ್ಕಿನ ರೂಪದಲ್ಲಿ ಬರುತ್ತದೆ. ವರ್ಷದ ಮೊತ್ತ ಒಂದೇ. ಆದರೆ ತಿಂಗಳಿಗೆ 6,500 ಬರುತ್ತದೆ ಅಂದುಕೊಂಡು 6,300 ಖರ್ಚು ಕಟ್ಟಿಕೊಂಡವರು ಹತ್ತು ತಿಂಗಳು ಕೈಕಟ್ಟಿ ನಿಲ್ಲುತ್ತಾರೆ.

ಸಂಬಳ ಬಿದ್ದ ತಾರೀಕು ನೋಡಿದರೆ ಯಾವ ಪದ್ಧತಿ ಅಂತ ಗೊತ್ತಾಗಲ್ವಾ ಅಂತ ಕೇಳಬಹುದು. ಎಲ್ಲ ಸಲ ಗೊತ್ತಾಗುವುದಿಲ್ಲ. 2026ರ ಆಗಸ್ಟ್ ತೆಗೆದುಕೊಳ್ಳಿ. ಜನವರಿ 2ರಿಂದ ಶುಕ್ರವಾರ ಬಿಟ್ಟು ಶುಕ್ರವಾರ ಕೊಡುವ ಕಂಪನಿಯಲ್ಲಿ ಆಗಸ್ಟ್ 14 ಮತ್ತು 28ಕ್ಕೆ ಸಂಬಳ. ಸೆಮಿಮಂತ್ಲಿ ಕಂಪನಿಯಲ್ಲಿ 15 ಮತ್ತು 31. ಆದರೆ ಆಗಸ್ಟ್ 15 ಶನಿವಾರ, ಹಿಂದಿನ ದಿನವೇ ಕೊಡುವ ರೂಢಿ ಇದ್ದರೆ ಅಲ್ಲೂ 14ಕ್ಕೇ ಬೀಳುತ್ತದೆ. ಹೊಸದಾಗಿ ಸೇರಿದವರು ಮೊದಲ ಸಂಬಳದ ಚೀಟಿ ನೋಡಿ ತೀರ್ಮಾನಕ್ಕೆ ಬರುವುದು ಬೇಡ. ಚೀಟಿಯಲ್ಲಿ ತಾರೀಕಿಗಿಂತ ನಂಬಿಕಸ್ಥ ಗುರುತು ಇನ್ನೊಂದಿದೆ: ಪೇ ಪೀರಿಯಡ್ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಸಾಲು. ಅಲ್ಲಿ ಸರಿಯಾಗಿ 14 ದಿನ ಇದ್ದು, ಅವಧಿ ಪ್ರತಿ ಸಲ ವಾರದ ಒಂದೇ ದಿನ ಮುಗಿದರೆ ಬೈವೀಕ್ಲಿ. 1ರಿಂದ 15, 16ರಿಂದ ಕೊನೆ ಅಂತ ಇದ್ದರೆ ಸೆಮಿಮಂತ್ಲಿ.

ಬೈವೀಕ್ಲಿಯಲ್ಲಿ ಇನ್ನೊಂದು ತೊಡಕು ಇದೆ. ಇದು ಕೆಲವು ವರ್ಷಕ್ಕೊಮ್ಮೆ ಮಾತ್ರ ಬರುವುದರಿಂದ ಎಲ್ಲರೂ ಮರೆತಿರುತ್ತಾರೆ. 14 ದಿನದ 26 ಕಂತು ಸೇರಿದರೆ 364 ದಿನ. ವರ್ಷಕ್ಕೆ 365 ಅಥವಾ 366. ಉಳಿದ ಒಂದೆರಡು ದಿನ ಸೇರುತ್ತಾ ಹೋಗಿ ಯಾವುದೋ ಒಂದು ವರ್ಷದಲ್ಲಿ 27ನೇ ಸಂಬಳ ಬೀಳುತ್ತದೆ. ಅಮೆರಿಕದ ಕೇಂದ್ರ ಸರ್ಕಾರ ತನ್ನ ನೌಕರರ ಗಂಟೆಯ ದರ ತೆಗೆಯಲು ವರ್ಷದ ಸಂಬಳವನ್ನು 2,080 ಗಂಟೆಯಿಂದ ಭಾಗಿಸುವುದಿಲ್ಲ, 2,087ರಿಂದ ಭಾಗಿಸುತ್ತದೆ. ಕಾರಣ ಇದೇ ಹೆಚ್ಚುವರಿ ದಿನಗಳು. 28 ವರ್ಷದ ಕ್ಯಾಲೆಂಡರ್ ಸುತ್ತಿನ ಸರಾಸರಿ ತೆಗೆದರೆ ವರ್ಷಕ್ಕೆ ಸುಮಾರು 2,087 ಕೆಲಸದ ಗಂಟೆ ಬರುತ್ತದೆ.

ನಿಮ್ಮ ಕಂಪನಿಗೆ ಈ ವರ್ಷ 26 ಬೀಳುತ್ತದೋ 27 ಬೀಳುತ್ತದೋ ಅಂತ ಸ್ಪ್ರೆಡ್‌ಶೀಟ್‌ನಲ್ಲೇ ನೋಡಬಹುದು. ವರ್ಷದ ಮೊದಲ ಸಂಬಳದ ದಿನ ಜನವರಿ 2 ಆಗಿದ್ದರೆ ಹೀಗೆ:

```
=INT((DATE(2026,12,31)-DATE(2026,1,2))/14)+1
```

ಉತ್ತರ 26 ಬರುತ್ತದೆ. ಆದರೆ ಇಲ್ಲೇ ಜನ ಎಡವುವುದು. 26ನೇ ಸಂಬಳ ಡಿಸೆಂಬರ್ 18ಕ್ಕೆ. ಮುಂದಿನದ್ದು 2027ರ ಜನವರಿ 1, ಶುಕ್ರವಾರ. ಅವತ್ತು ಬ್ಯಾಂಕ್ ರಜೆ. ರಜೆ ಬಂದರೆ ಹಿಂದಿನ ಕೆಲಸದ ದಿನ ಕೊಡುತ್ತೇವೆ ಅಂತ ಕಂಪನಿಯ ನಿಯಮ ಇದ್ದರೆ ಆ ದುಡ್ಡು ಡಿಸೆಂಬರ್ 31ಕ್ಕೇ ಖಾತೆಗೆ ಬೀಳುತ್ತದೆ. ಸೂತ್ರ 26 ಅಂದರೂ ನಿಜಕ್ಕೂ ಬಿದ್ದದ್ದು 27. ತೆರಿಗೆಗೂ ಅದು 2026ರ ಆದಾಯವೇ, ಯಾಕೆಂದರೆ ಲೆಕ್ಕಕ್ಕೆ ಬರುವುದು ದುಡ್ಡು ಕೈಗೆ ಸಿಕ್ಕ ದಿನ.

ಆಗ ಕಂಪನಿಯ ಮುಂದೆ ಎರಡು ದಾರಿ. ಪ್ರತಿ ಕಂತಿಗೆ 3,000 ಕೊಡುತ್ತಲೇ ಹೋದರೆ ಆ ವರ್ಷ 81,000 ಆಗುತ್ತದೆ. ಇಲ್ಲವೇ 78,000ವನ್ನು 27ರಿಂದ ಭಾಗಿಸಿ ಕಂತನ್ನು 2,888.89ಕ್ಕೆ ಇಳಿಸಬೇಕು. ಎರಡನೇ ದಾರಿ ಹಿಡಿದರೆ ನೌಕರರಿಗೆ ಮುಂಚೆಯೇ ಬರವಣಿಗೆಯಲ್ಲಿ ತಿಳಿಸಬೇಕು. ಹೇಳದೆ ಕೇಳದೆ ಜನವರಿಯಲ್ಲಿ ನೂರಾಹನ್ನೊಂದು ಡಾಲರ್ ಕಡಿಮೆ ಬಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆಫರ್ ಲೆಟರ್‌ನಲ್ಲಿ ವರ್ಷದ ಮೊತ್ತ ಮುಖ್ಯವೋ ಕಂತಿನ ಮೊತ್ತ ಮುಖ್ಯವೋ ಅಂತ ಬರೆದಿದ್ದರೆ ಈ ಗೊಂದಲವೇ ಇರುವುದಿಲ್ಲ.

ಎಚ್-1ಬಿ ವೀಸಾದಲ್ಲಿ ಹೋಗುವವರಿಗೆ, ಅವರ ಕಾಗದಪತ್ರ ತುಂಬುವವರಿಗೆ ಒಂದು ಮಾತು. ಈ ವೀಸಾಕ್ಕಾಗಿ ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಗೆ ಸಲ್ಲಿಸುವ ಎಲ್‌ಸಿಎ ಅರ್ಜಿಯಲ್ಲಿ ಸಂಬಳದ ಅವಧಿಗೆ ಇರುವ ಆಯ್ಕೆಗಳು ಗಂಟೆ, ವಾರ, `Bi-Weekly`, ತಿಂಗಳು ಮತ್ತು ವರ್ಷ. ಸೆಮಿಮಂತ್ಲಿಗೆ ಅಲ್ಲಿ ಜಾಗವೇ ಇಲ್ಲ. ತಿಂಗಳಿಗೆರಡು ಸಲ ಕೊಡುವ 3,250 ಡಾಲರನ್ನು ಅಲ್ಲಿ ಬರೆದು `Bi-Weekly` ಆರಿಸಿದರೆ ವರ್ಷಕ್ಕೆ 84,500 ಕೊಡುತ್ತೇವೆ ಅಂತ ಸರ್ಕಾರಕ್ಕೆ ಬರೆದುಕೊಟ್ಟ ಹಾಗಾಗುತ್ತದೆ. ನಿಜ ಸಂಬಳಕ್ಕಿಂತ 6,500 ಜಾಸ್ತಿ. ಸಂಬಳ ವರ್ಷದ ಲೆಕ್ಕದಲ್ಲಿ ಗೊತ್ತುಮಾಡಿದ್ದರೆ ವರ್ಷದ ಮೊತ್ತವನ್ನೇ ಬರೆದು ವರ್ಷ ಅಂತಲೇ ಆರಿಸುವುದು ಕ್ಷೇಮ.

ಗಂಟೆ ಲೆಕ್ಕದ ಕೆಲಸವಾದರೆ ಬೈವೀಕ್ಲಿಯೇ ಮೇಲು

ಇಷ್ಟು ಕೇಳಿದ ಮೇಲೆ ಸೆಮಿಮಂತ್ಲಿಯೇ ಚೆಂದ ಅನ್ನಿಸಬಹುದು. ತಿಂಗಳ ಸಂಬಳದವರಷ್ಟೇ ಇರುವ ಆಫೀಸಿಗೆ ಅದು ನಿಜಕ್ಕೂ ಚೆಂದ. ತಿಂಗಳ ಕೊನೆಗೆ ಲೆಕ್ಕ ಮುಗಿಸುವ ಅಕೌಂಟ್ಸ್‌ನವರಿಗೂ ಸಂಬಳದ ಅವಧಿ ತಿಂಗಳ ಗಡಿ ದಾಟುವುದಿಲ್ಲ ಅನ್ನುವ ನೆಮ್ಮದಿ. ಆದರೆ ಗಂಟೆ ಲೆಕ್ಕದಲ್ಲಿ ದುಡಿಯುವವರು ಹತ್ತು ಜನ ಇದ್ದರೂ ನಾನು ಬೈವೀಕ್ಲಿಯನ್ನೇ ಆರಿಸುತ್ತೇನೆ. ಕಾರಣ ಓವರ್‌ಟೈಮ್.

ಅಮೆರಿಕದ ಕೇಂದ್ರ ಕಾನೂನಿನಲ್ಲಿ ಓವರ್‌ಟೈಮ್ ಲೆಕ್ಕ ವಾರದ್ದು. ಒಂದು ಕೆಲಸದ ವಾರದಲ್ಲಿ 40 ಗಂಟೆ ದಾಟಿದರೆ ಮೇಲಿನದ್ದಕ್ಕೆಲ್ಲ ಒಂದೂವರೆ ಪಟ್ಟು ದರ. ಸಂಬಳ ಎಷ್ಟು ದಿನಕ್ಕೊಮ್ಮೆ ಕೊಡುತ್ತೀರಿ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬೈವೀಕ್ಲಿ ಅವಧಿಯಲ್ಲಿ ಸರಿಯಾಗಿ ಎರಡು ವಾರ ಕೂರುತ್ತವೆ. ಸೆಮಿಮಂತ್ಲಿ ಅವಧಿ ವಾರವನ್ನು ನಡುವೆ ಕತ್ತರಿಸುತ್ತದೆ.

2026ರ ಏಪ್ರಿಲ್ 12ರ ಭಾನುವಾರ ಶುರುವಾಗಿ 18ರ ಶನಿವಾರ ಮುಗಿಯುವ ವಾರ ನೋಡಿ. ಒಬ್ಬ ಕೆಲಸಗಾರ ಸೋಮವಾರ 9, ಮಂಗಳವಾರ 9, ಬುಧವಾರ 8 ಗಂಟೆ ದುಡಿದ. ಒಟ್ಟು 26. ಬುಧವಾರ ಏಪ್ರಿಲ್ 15, ಅವಧಿ ಅಲ್ಲಿಗೆ ಮುಗಿಯಿತು. ಗುರುವಾರ 10, ಶುಕ್ರವಾರ 8 ಗಂಟೆ ದುಡಿದ. ಈ 18 ಗಂಟೆ ಮುಂದಿನ ಅವಧಿಗೆ ಹೋಯಿತು. ವಾರದ ಒಟ್ಟು 44 ಗಂಟೆ, ಅಂದರೆ 4 ಗಂಟೆ ಓವರ್‌ಟೈಮ್. ಆದರೆ ಮೊದಲ ಅವಧಿಯ ಹಾಳೆಯಲ್ಲಿ ಆ ವಾರಕ್ಕೆ ಕಾಣುವುದು 26 ಗಂಟೆ, ಎರಡನೆಯದರಲ್ಲಿ 18. ಎರಡೂ 40 ಮುಟ್ಟಿಲ್ಲ. ಅವಧಿಯ ಒಳಗಿನ ದಿನಗಳನ್ನು ಮಾತ್ರ ಕೂಡುವ ಶೀಟ್ ಆದರೆ ಆ 4 ಗಂಟೆ ಯಾವ ಹಾಳೆಯಲ್ಲೂ ಕಾಣದೆ ಹೋಗುತ್ತದೆ. ದುಡಿದವನಿಗೆ ನಷ್ಟ, ಕಂಪನಿಗೆ ಕಾನೂನಿನ ತಲೆನೋವು.

ಒಳ್ಳೆಯ ಸಾಫ್ಟ್‌ವೇರ್ ಹಿಂದಿನ ಅವಧಿಯ ಉಳಿದ ದಿನಗಳನ್ನೂ ಎಳೆದುಕೊಂಡು ವಾರ ಪೂರ್ತಿ ಮಾಡುತ್ತದೆ. ಅದು ಮಾಡುತ್ತಿದೆಯಾ ಅಂತ ಪರೀಕ್ಷಿಸಲು 15ನೇ ತಾರೀಕು ವಾರದ ನಡುವೆ ಬೀಳುವ ಒಂದು ತಿಂಗಳನ್ನು ಆರಿಸಿ, ಮೇಲಿನ ಗಂಟೆಗಳನ್ನೇ ತುಂಬಿ ನೋಡಿ. ಎರಡನೇ ಅವಧಿಯಲ್ಲಿ 4 ಗಂಟೆ ಓವರ್‌ಟೈಮ್ ಬರಬೇಕು. ಬರದಿದ್ದರೆ ಬೈವೀಕ್ಲಿಗೆ ಬದಲಾಯಿಸುವುದೇ ಒಳ್ಳೆಯದು.

ವಿಮೆಯಂಥ ಕಡಿತಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ತಿಂಗಳಿಗೆ 260 ಡಾಲರ್ ವಿಮೆ ಕಂತು ಇದ್ದರೆ ವರ್ಷಕ್ಕೆ 3,120. ಅದನ್ನು 24ರಿಂದ ಭಾಗಿಸಿದರೆ 130, 26ರಿಂದ ಭಾಗಿಸಿದರೆ 120. ಬೈವೀಕ್ಲಿ ಕೊಡುವ ಎಷ್ಟೋ ಕಂಪನಿಗಳು 24 ಚೆಕ್ಕಿನಲ್ಲಿ ಮಾತ್ರ 130 ಹಿಡಿದು ಮೂರನೇ ಚೆಕ್ಕನ್ನು ಬಿಟ್ಟುಬಿಡುತ್ತವೆ. ಅದರಲ್ಲಿ ತಪ್ಪಿಲ್ಲ. 130 ಹಿಡಿಯುವುದನ್ನು 26 ಚೆಕ್ಕಿಗೂ ಮುಂದುವರಿಸಿದರೆ ಮಾತ್ರ ನೌಕರನ ಕೈಯಿಂದ 260 ಡಾಲರ್ ಜಾಸ್ತಿ ಹೋಗುತ್ತದೆ. ಕಡಿತದ ಪತ್ರದಲ್ಲಿ ‘ವರ್ಷಕ್ಕೆ 24 ಕಡಿತ’ ಅಂತ ಎಣಿಕೆ ಬರೆದರೆ ಸಾಕು.

ವರದಿಗಳಲ್ಲಿ ಗೊಂದಲ ಇನ್ನೂ ದೊಡ್ಡದು

ಸಂಬಳದಲ್ಲಿ ಬೈಮಂತ್ಲಿ ಅಂತ ಇದ್ದರೆ ಎರಡು ತಿಂಗಳಿಗೊಮ್ಮೆ ಇರಲಿಕ್ಕಿಲ್ಲ ಅಂತಾದರೂ ಊಹಿಸಬಹುದು. ಎಚ್-1ಬಿ ನಿಯಮದಲ್ಲೇ ತಿಂಗಳಿಗೊಮ್ಮೆಯಾದರೂ ಸಂಬಳ ಕೊಡಬೇಕು ಅಂತ ಇದೆ. ವರದಿಗೆ ಅಂಥ ಆಸರೆ ಇಲ್ಲ. ಬೈಮಂತ್ಲಿ ರಿಪೋರ್ಟ್ ಅಂತ ಒಪ್ಪಂದದಲ್ಲಿ ಬರೆದರೆ ವರ್ಷಕ್ಕೆ 24 ವರದಿಯೂ ಆಗಬಹುದು, 6 ವರದಿಯೂ ಆಗಬಹುದು. ಬೆಂಗಳೂರಿನ ತಂಡ 6ರ ಲೆಕ್ಕ ಹಾಕಿ ಜನ ಇಟ್ಟುಕೊಂಡಿರುತ್ತದೆ, ಆ ಕಡೆಯ ಗ್ರಾಹಕರು 24ಕ್ಕೆ ಕಾಯುತ್ತಿರುತ್ತಾರೆ. ನಾಲ್ಕು ಪಟ್ಟು ಕೆಲಸದ ವ್ಯತ್ಯಾಸ ಇದು.

ನಮ್ಮ ತಂಡ ಎರಡು ತಿಂಗಳಿಗೊಮ್ಮೆ ಅಂದುಕೊಳ್ಳುವುದಕ್ಕೆ ಕಾರಣವೂ ಇದೆ. ಭಾರತದಲ್ಲಿ ಆ ಪದ ಪತ್ರಿಕೆಯಲ್ಲಿ ಹೆಚ್ಚು ಕಾಣಿಸುವುದು ರಿಸರ್ವ್ ಬ್ಯಾಂಕಿನ ಹಣಕಾಸು ನೀತಿಯ ಸುದ್ದಿಯಲ್ಲಿ. ಅಲ್ಲಿ ಬೈಮಂತ್ಲಿ ಅಂದರೆ ಎರಡು ತಿಂಗಳಿಗೊಮ್ಮೆ, ವರ್ಷಕ್ಕೆ ಆರು ಸಲ. ರೆಪೋ ದರ ಏನಾಯಿತು ಅಂತ ಏಪ್ರಿಲ್, ಜೂನ್, ಆಗಸ್ಟ್ ಹೀಗೆ ನೋಡಿ ಅಭ್ಯಾಸವಾದವರಿಗೆ ಇನ್ನೊಂದು ಅರ್ಥ ಹೊಳೆಯುವುದೇ ಇಲ್ಲ.

ಇದಕ್ಕೆಲ್ಲ ಪಾಕ್ಷಿಕ ಅಂತ ಬರೆದರೆ ಮುಗಿಯಿತಲ್ಲ ಅನ್ನುವವರಿದ್ದಾರೆ. ಇಂಗ್ಲಿಷಿನಲ್ಲಿ ಫೋರ್ಟ್‌ನೈಟ್ಲಿ ಬರೆದರೆ ಆಯಿತು ಅನ್ನುವವರೂ ಇದ್ದಾರೆ. ಮುಗಿಯುವುದಿಲ್ಲ. ಅದಕ್ಕೆ ಸಾಕ್ಷಿ ನಮ್ಮ ದೇಶದ ಬ್ಯಾಂಕ್ ಕಾನೂನಿನಲ್ಲೇ ಇದೆ. ಬ್ಯಾಂಕುಗಳು ರಿಸರ್ವ್ ಬ್ಯಾಂಕಿಗೆ ಪಾಕ್ಷಿಕ ಲೆಕ್ಕ ಒಪ್ಪಿಸಬೇಕು. ಹಳೆಯ ಕಾನೂನಿನ ಪ್ರಕಾರ ಪಕ್ಷ ಅಂದರೆ ಶನಿವಾರದಿಂದ ಅದರ ನಂತರದ ಎರಡನೇ ಶುಕ್ರವಾರದವರೆಗೆ, ಸರಿಯಾಗಿ 14 ದಿನ. ಅಂದರೆ ಬೈವೀಕ್ಲಿ. 2025ರ ಬ್ಯಾಂಕಿಂಗ್ ಕಾನೂನು ತಿದ್ದುಪಡಿ ಕಾಯ್ದೆ ಅದನ್ನು ತಿಂಗಳ 1ರಿಂದ 15, 16ರಿಂದ ಕೊನೆಯ ದಿನ ಅಂತ ಬದಲಾಯಿಸಿತು. ಅಂದರೆ ಸೆಮಿಮಂತ್ಲಿ. ಪದ ಒಂದೇ, ವರ್ಷಕ್ಕೆ 26 ಇದ್ದದ್ದು 24 ಆಯಿತು. ಕಾನೂನು ಬರೆದವರು ಪದವನ್ನು ನಂಬಿಕೊಳ್ಳದೆ ದಿನಗಳನ್ನು ಬಿಡಿಸಿ ಹೇಳಿದ್ದರಿಂದ ಯಾರಿಗೂ ಅನುಮಾನ ಉಳಿಯಲಿಲ್ಲ. ನಾವೂ ಅದನ್ನೇ ಮಾಡಬೇಕು.

ವರದಿಗೆ ಎರಡರಲ್ಲಿ ಯಾವುದನ್ನು ಆರಿಸಬೇಕು ಅನ್ನುವುದು ಅಂಕಿಗಳನ್ನು ಯಾವುದಕ್ಕೆ ಹೋಲಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಒಂದು ವರದಿಯನ್ನು ಹಿಂದಿನ ವರದಿ ಜೊತೆ ಇಟ್ಟು ಏರಿತೋ ಇಳಿಯಿತೋ ನೋಡುವುದಾದರೆ ಎರಡು ವಾರದ ಅವಧಿ ಒಳ್ಳೆಯದು. ಪ್ರತಿ ಸಲವೂ 14 ದಿನ, ಎರಡು ಶನಿವಾರ, ಎರಡು ಭಾನುವಾರ. ಅರ್ಧ ತಿಂಗಳಿನ ಅವಧಿಯಲ್ಲಿ ಇದು ಸಿಗುವುದಿಲ್ಲ. ಫೆಬ್ರವರಿ 16ರಿಂದ 28ರವರೆಗೆ 13 ದಿನ. ಮಾರ್ಚ್ 16ರಿಂದ 31ರವರೆಗೆ 16 ದಿನ. ದಿನಕ್ಕೆ ನೂರು ದೂರು ಬರುವ ಕಾಲ್ ಸೆಂಟರ್‌ನಲ್ಲಿ ಒಂದು ವರದಿ 1,300 ಅನ್ನುತ್ತದೆ, ಇನ್ನೊಂದು 1,600 ಅನ್ನುತ್ತದೆ. ದೂರು ಶೇಕಡ 23ರಷ್ಟು ಏರಿತು ಅಂತ ಮೀಟಿಂಗ್ ಕರೆಯುತ್ತಾರೆ. ಏರಿದ್ದು ದಿನಗಳು ಮಾತ್ರ. ಅದೇ ವರದಿಯ ಮೊತ್ತ ತಿಂಗಳ ಲೆಕ್ಕಕ್ಕೆ, ಬಿಲ್ಲಿಗೆ ತಾಳೆಯಾಗಬೇಕು ಅಂತಿದ್ದರೆ ಅರ್ಧ ತಿಂಗಳೇ ಬೇಕು. ಆಗ ದಿನದ ಸರಾಸರಿಯ ಕಾಲಂ ಒಂದನ್ನು ಸೇರಿಸಿಬಿಡಿ.

ಬರೆಯುವುದು ಹೇಗೆ

ಕ್ಯಾಲೆಂಡರ್ ಸಾಫ್ಟ್‌ವೇರ್‌ಗಳು ಮರಳಿ ಮರಳಿ ಬರುವ ದಿನಗಳನ್ನು ಒಂದಕ್ಕೊಂದು ಹೇಳಿಕೊಳ್ಳುವ ರೀತಿ ನೋಡಿ:

```
FREQ=WEEKLY;INTERVAL=2;BYDAY=FR
FREQ=MONTHLY;BYMONTHDAY=15,-1
FREQ=MONTHLY;INTERVAL=2
```

ಮೊದಲನೆಯದು ಶುಕ್ರವಾರ ಬಿಟ್ಟು ಶುಕ್ರವಾರ. ಎರಡನೆಯದು ತಿಂಗಳ 15 ಮತ್ತು ಕೊನೆಯ ದಿನ. ಮೂರನೆಯದು ಎರಡು ತಿಂಗಳಿಗೊಮ್ಮೆ. ಬೈ ಅನ್ನುವುದೂ ಇಲ್ಲ, ಸೆಮಿ ಅನ್ನುವುದೂ ಇಲ್ಲ. ಎಷ್ಟಕ್ಕೊಮ್ಮೆ, ಯಾವ ದಿನ ಅಂತ ನೇರವಾಗಿ ಇದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಶುರುವಾಗುವ ತಾರೀಕು ಕೊಡಲೇಬೇಕು. ಇಲ್ಲದಿದ್ದರೆ ಈ ಶುಕ್ರವಾರವೋ ಮುಂದಿನ ಶುಕ್ರವಾರವೋ ತಿಳಿಯುವುದಿಲ್ಲ. ಆಫರ್ ಲೆಟರ್‌ಗಳಲ್ಲಿ ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಇದೇ ತಾರೀಕನ್ನು.

ಬೈವೀಕ್ಲಿ ಸಂಬಳಕ್ಕೆ ನಾನು ಒಪ್ಪುವ ಒಕ್ಕಣೆ ಹೀಗಿರುತ್ತದೆ: ‘ವರ್ಷದ ಸಂಬಳ 78,000 ಡಾಲರ್. 2026ರ ಜನವರಿ 2ರಿಂದ ಶುರುವಾಗಿ ಎರಡು ವಾರಕ್ಕೊಮ್ಮೆ, ಶುಕ್ರವಾರದಂದು, ತೆರಿಗೆಗೆ ಮುಂಚೆ 3,000 ಡಾಲರ್ ಪಾವತಿ. ಶುಕ್ರವಾರ ಬ್ಯಾಂಕ್ ರಜೆ ಇದ್ದರೆ ಹಿಂದಿನ ಕೆಲಸದ ದಿನ. 27 ಪಾವತಿ ಬೀಳುವ ವರ್ಷದಲ್ಲೂ ಕಂತಿನ ಮೊತ್ತ ಇಳಿಸುವುದಿಲ್ಲ.’ ಕೊನೆಯ ವಾಕ್ಯ ಕಂಪನಿಯ ತೀರ್ಮಾನಕ್ಕೆ ತಕ್ಕಂತೆ ಬದಲಾಗಬಹುದು, ಆದರೆ ಆ ವಾಕ್ಯ ಅಂತೂ ಇರಬೇಕು.

ಸೆಮಿಮಂತ್ಲಿಗೆ: ‘ವರ್ಷಕ್ಕೆ 24 ಪಾವತಿ, ಒಂದೊಂದು 3,250 ಡಾಲರ್. 1ರಿಂದ 15ರವರೆಗಿನ ಕೆಲಸದ ಸಂಬಳ ಅದೇ ತಿಂಗಳ 20ಕ್ಕೆ, 16ರಿಂದ ಕೊನೆಯವರೆಗಿನದ್ದು ಮುಂದಿನ ತಿಂಗಳ 5ಕ್ಕೆ.’ ಕೆಲಸದ ಅವಧಿ ಒಂದು, ದುಡ್ಡು ಕೊಡುವ ದಿನ ಇನ್ನೊಂದು ಅನ್ನುವುದನ್ನು ಬಿಡಿಸಿ ಬರೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನಿನ ವಿಷಯವೂ ಹೌದು. ಸಾಮಾನ್ಯ ನಿಯಮದ ಪ್ರಕಾರ ಅಲ್ಲಿ ತಿಂಗಳ ಮೊದಲರ್ಧದ ಸಂಬಳ ಅದೇ ತಿಂಗಳ 26ರೊಳಗೆ, ಎರಡನೇ ಅರ್ಧದ್ದು ಮುಂದಿನ ತಿಂಗಳ 10ರೊಳಗೆ ಕೈ ಸೇರಬೇಕು.

ವರದಿಗೆ: ‘ವರ್ಷಕ್ಕೆ 6 ವರದಿ. ಏಪ್ರಿಲ್-ಮೇ ತಿಂಗಳ ವರದಿ ಜೂನ್ 7ಕ್ಕೆ, ಮುಂದೆ ಇದೇ ರೀತಿ ಎರಡು ತಿಂಗಳಿಗೊಮ್ಮೆ.’ ಎಣಿಕೆ, ಅವಧಿ, ಒಪ್ಪಿಸುವ ದಿನ ಮೂರೂ ಇದ್ದರೆ ಒಂದರಲ್ಲಿ ತಪ್ಪಾದರೂ ಇನ್ನೆರಡು ಹಿಡಿದುಕೊಡುತ್ತವೆ.

ಇಂಗ್ಲಿಷಿನಲ್ಲಿ ಬರೆಯುವಾಗ ಎವ್ರಿ ಟೂ ವೀಕ್ಸ್, ಟ್ವೈಸ್ ಎ ಮಂತ್, ಎವ್ರಿ ಟೂ ಮಂತ್ಸ್ ಅಂದರೆ ಸಾಕು. ಎರಡು ವಾರಕ್ಕೊಮ್ಮೆ ಅನ್ನುವುದನ್ನು ತಿಂಗಳಿಗೆರಡು ಸಲ ಅಂತ ಮಾತಿನ ಓಘದಲ್ಲಿ ಬರೆಯುವವರೂ ಇದ್ದಾರೆ, ಅಲ್ಲಿ ಎಚ್ಚರ ಇರಲಿ. ಸ್ಪ್ರೆಡ್‌ಶೀಟ್‌ನಲ್ಲಿ ಪಾವತಿಯ ಅವಧಿಗೆ BW, SM, M ಅಂತ ಸಂಕೇತ ಹಾಕುವ ಬದಲು 26, 24, 12 ಅಂತ ವರ್ಷದ ಎಣಿಕೆಯನ್ನೇ ಹಾಕಿ. ವರ್ಷದ ಸಂಬಳವನ್ನು ಅದರಿಂದಲೇ ಭಾಗಿಸಬಹುದು. ಯಾರಾದರೂ ತಪ್ಪು ಎಣಿಕೆ ಹಾಕಿದರೆ ಕಂತಿನ ಮೊತ್ತದಲ್ಲಿ ತಕ್ಷಣ ಕಾಣುತ್ತದೆ.

ಪತ್ರ ಬರೆಯುವವರು ನೀವಲ್ಲ, ಪಡೆಯುವವರು ಅಂತಾದರೆ ಎಚ್‌ಆರ್‌ಗೆ ಇಷ್ಟು ಕೇಳಿ: ವರ್ಷಕ್ಕೆ ಎಷ್ಟು ಪಾವತಿ, ನನ್ನ ಮೊದಲ ಎರಡು ಪಾವತಿಯ ತಾರೀಕು ಯಾವುದು, ಒಂದೊಂದು ಯಾವ ದಿನದಿಂದ ಯಾವ ದಿನದವರೆಗಿನ ಕೆಲಸಕ್ಕೆ? ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಬೈಮಂತ್ಲಿ ಅಂತಲೇ ಇನ್ನೊಮ್ಮೆ ಹೇಳಿಬಿಡುವ ಸಾಧ್ಯತೆ ಇದೆ.